‘ಹಾನಿಯಾಗಿದೆ’ ಎಂದು ಒತ್ತಿದರೆ ಪೂರ್ತಿ ಹಣ ಬರುತ್ತದೆಯೇ?

ಪ್ರಶ್ನೆ: ನಾನೂ ನನ್ನ ಗೆಳತಿಯೂ ಒಂದೇ ಆ್ಯಪ್‌ನಲ್ಲಿ ಕೊಂಡ ಅಂಗಿಗಳನ್ನು ಹಿಂದಿರುಗಿಸಿದೆವು. ಅವಳಿಗೆ ಪೂರ್ತಿ ಹಣ ಬಂತು, ನನಗೆ ಪಿಕಪ್ ಶುಲ್ಕ ಕಳೆದು ಬಂತು. ಏಕೆ?

ಉತ್ತರ: ಈ ಪ್ರಶ್ನೆ ಬಾರದ ವಾರವೇ ಇಲ್ಲ, ಆದ್ದರಿಂದ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಹಿಂದಿರುಗಿಸುವಾಗ ಆ್ಯಪ್ ತೋರಿಸುವ ಪಟ್ಟಿಯಿಂದ ನೀವಿಬ್ಬರೂ ಆರಿಸಿದ ಕಾರಣಗಳು ಬೇರೆಯಾಗಿರಬೇಕು. ಕಾರಣಗಳ ಪಟ್ಟಿ ನಿಮ್ಮ ಅಭಿಪ್ರಾಯ ಕೇಳಲು ಇಟ್ಟದ್ದಲ್ಲ. ತಪ್ಪು ಯಾರದು ಎಂದು ಗುರುತು ಹಾಕುವುದೇ ಅದರ ಕೆಲಸ. ಒಡೆದ ವಸ್ತು, ಬೇರೆ ವಸ್ತು, ವಿವರಣೆಗೆ ಹೊಂದದ ವಸ್ತು ಬಂದರೆ ತಪ್ಪು ಮಾರಾಟಗಾರನದೋ ಸಾಗಣೆಯವರದೋ ಆಗುತ್ತದೆ. ಮನಸ್ಸು ಬದಲಾಯಿತು, ಇಷ್ಟವಾಗಲಿಲ್ಲ ಎಂದರೆ ಹೊಣೆ ನಿಮ್ಮದು. ಪಿಕಪ್ ಎಲ್ಲರಿಗೂ ಉಚಿತ ಎಂದು ಆ್ಯಪ್ ಘೋಷಿಸಿರದಿದ್ದರೆ, ಅದರ ಖರ್ಚು ಈ ಗುರುತನ್ನೇ ಹಿಂಬಾಲಿಸುತ್ತದೆ.

ಲೆಕ್ಕ ಹಾಕೋಣ. ಅಂಗಿಯ ಬೆಲೆ 1,000, ತಲುಪಿಸಿದ ಶುಲ್ಕ 60, ಪಿಕಪ್ ಶುಲ್ಕ 90 ಎಂದಿಟ್ಟುಕೊಳ್ಳಿ. ತಪ್ಪು ಮಾರಾಟಗಾರನದಾದರೆ ಸಾಮಾನ್ಯವಾಗಿ 1,060 ಪೂರ್ತಿ ಮರಳುತ್ತದೆ. ಮನಸ್ಸು ಬದಲಾದದ್ದಾದರೆ ಬಹಳಷ್ಟು ಕಡೆ 60 ಮರಳುವುದಿಲ್ಲ, 90 ಕಳೆಯುತ್ತಾರೆ; ಕೈಗೆ ಬರುವುದು 910. ಅಂತರ 150.

ಇಲ್ಲಿಗೆ ಬಂದೊಡನೆ ಓದುಗರ ಕಣ್ಣು ಮಿನುಗುತ್ತದೆ: ‘ಹಾಗಿದ್ದರೆ ಯಾವಾಗಲೂ ಹಾನಿಯಾಗಿದೆ ಎಂದೇ ಒತ್ತಿದರಾಯಿತು!’ ಎಷ್ಟು ಸಲ ಅಲ್ಲಗಳೆದರೂ ಈ ನಂಬಿಕೆ ಸಾಯುತ್ತಿಲ್ಲ. ನೀವು ಒತ್ತುವುದು ಬರೀ ದೂರು, ತೀರ್ಪು ಬರುವುದು ಆಮೇಲೆ. ಹಾನಿ ಎಂದೊಡನೆ ಆ್ಯಪ್ ಸಾಮಾನ್ಯವಾಗಿ ಫೋಟೊ ಕೇಳುತ್ತದೆ. ಕೆಲವೊಮ್ಮೆ ಪಿಕಪ್‌ಗೆ ಬಂದವರೇ ಬಾಗಿಲಲ್ಲಿ ವಸ್ತುವನ್ನು ತಿರುಗಿಸಿ ನೋಡಿ, ಹೇಳಿದ ಹಾನಿ ಕಾಣದಿದ್ದರೆ ಒಯ್ಯದೆ ಹೋಗುತ್ತಾರೆ. ಅಲ್ಲಿ ದಾಟಿದರೂ ಗೋದಾಮಿನಲ್ಲಿ ಪರಿಶೀಲನೆ ಕಾದಿರುತ್ತದೆ. ಹರಿದಿದೆ ಎಂದ ಅಂಗಿ ಹೊಸದರಂತಿದ್ದರೆ ಕಾರಣವನ್ನು ಅವರೇ ಬದಲಿಸಿ ಅದೇ 910 ಕೊಡಬಹುದು, ಇಲ್ಲವೇ ಅಂಗಿಯನ್ನೇ ನಿಮಗೆ ವಾಪಸು ಕಳುಹಿಸಬಹುದು.

ಕಾಯುವಿಕೆಯೂ ಹೆಚ್ಚುತ್ತದೆ. ‘ಅಳತೆ ಸರಿಹೋಗಲಿಲ್ಲ’ ಎಂದವರಿಗೆ ಪಿಕಪ್ ಆದ ಕೂಡಲೇ ಹಣ ಬಿಡುಗಡೆ ಮಾಡುವ ಆ್ಯಪ್‌ಗಳಿವೆ, ಆದರೆ ಹಾನಿಯ ದೂರು ಸಾಮಾನ್ಯವಾಗಿ ಪರಿಶೀಲನೆ ಮುಗಿಯುವವರೆಗೆ ನಿಲ್ಲುತ್ತದೆ. ವಿದ್ಯುತ್ ಉಪಕರಣವಾದರೆ ಹಣದ ಬದಲು ತಂತ್ರಜ್ಞರ ಭೇಟಿಯೋ ಬದಲಿ ವಸ್ತುವೋ ಮಾತ್ರ ಪರದೆಯ ಮೇಲೆ ಕಾಣಬಹುದು. ಬೇಡವಾಗಿದ್ದ ವಸ್ತುವೇ ಮತ್ತೊಂದು ಪೆಟ್ಟಿಗೆಯಲ್ಲಿ ಬಂದು ಕೂರುತ್ತದೆ! ಇಂಥ ದೂರುಗಳು ನಿಮ್ಮ ಖಾತೆಯ ದಾಖಲೆಯಲ್ಲೂ ಉಳಿಯುತ್ತವೆ. ಪದೇ ಪದೇ ಹೀಗೆ ಮಾಡಿದವರ ವಾಪಸಾತಿ ಸೌಲಭ್ಯವನ್ನೇ ಕೆಲವು ಆ್ಯಪ್‌ಗಳು ಕಡಿತಗೊಳಿಸುತ್ತವೆ.

ನನ್ನನ್ನು ಹೆಚ್ಚು ಕಾಡುವವರು ಸುಳ್ಳು ಹೇಳುವವರಲ್ಲ, ಮಾರಾಟಗಾರನ ತಪ್ಪಿದ್ದರೂ ಸಂಕೋಚದಿಂದ ಹಣ ಕಳೆದುಕೊಳ್ಳುವವರು. ಅಳತೆಯ ವಿಷಯವನ್ನೇ ನೋಡಿ. ಎಲ್ ಕೇಳಿದ್ದಕ್ಕೆ ಎಮ್ ಪಟ್ಟಿ ಹೊಲಿದ ಅಂಗಿ ಬಂದಿದ್ದರೆ ಅದು ತಪ್ಪು ವಸ್ತು. ಎಲ್ ಬಂದು, ನಿಮ್ಮ ಮೈಗೆ ಒಗ್ಗದಿದ್ದರೆ ಅದು ನಿಮ್ಮ ಆಯ್ಕೆಯ ಪಾಲು. ಇವೆರಡರ ನಡುವಿನದೇ ಸೂಕ್ಷ್ಮ: ಅಂಗಿಗೆ ಹೊಲಿದ ಪಟ್ಟಿಯಲ್ಲಿ ಎಲ್ ಎಂದೇ ಇದೆ, ಆದರೆ ಮಾರಾಟಗಾರನ ಅಳತೆಪಟ್ಟಿ ಎದೆಸುತ್ತು 42 ಇಂಚು ಎಂದರೆ ಅಂಗಿ 39 ಇದೆ. ಇದು ವಿವರಣೆಗೆ ಹೊಂದದ ವಸ್ತು, ‘ಸರಿಹೋಗಲಿಲ್ಲ’ ಅಲ್ಲ. ಅಂಗಿಯ ಗುಂಡಿ ಹಾಕಿ ಸಮನಾಗಿ ಹರಡಿ, ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದು, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಹತ್ತೊಂಬತ್ತೂವರೆ ಬಂದರೆ ಸುತ್ತಳತೆ 39. ಅಳತೆಪಟ್ಟಿಯ ಚಿತ್ರವನ್ನೂ ಜೊತೆಗಿಡಿ. ಆದರೆ ಆ ಅಳತೆಪಟ್ಟಿಯಲ್ಲಿರುವುದು ಬಟ್ಟೆಯ ಅಳತೆಯೋ ಮೈಯ ಅಳತೆಯೋ ಎಂದು ಮೊದಲು ಓದಿ. ಮೈಯದಾದರೆ ಬಟ್ಟೆಯ ಅಳತೆಯನ್ನು ಅದಕ್ಕೆ ನೇರವಾಗಿ ಹೋಲಿಸಲಾಗದು, ಈ ವಾದ ಹಾಗೆಯೇ ನಿಲ್ಲುವುದಿಲ್ಲ.

ಕಾರಣ ತಪ್ಪಾಗಿ ಒತ್ತಿದ್ದರೆ ಪಿಕಪ್‌ಗೆ ಮೊದಲೇ ಕೋರಿಕೆ ರದ್ದು ಮಾಡಿ, ಗಡುವಿನೊಳಗೆ ಹೊಸದಾಗಿ ಸಲ್ಲಿಸಿ. ಖಚಿತಪಡಿಸುವ ಮುನ್ನ ಬರುವ ಪರದೆಯಲ್ಲಿ ಎಷ್ಟು ಕಳೆದು ಎಷ್ಟು ಕೊಡುತ್ತಾರೆ ಎಂಬುದು ಬಹುತೇಕ ಬರೆದೇ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು, ಯಾರೂ ಕೇಳದಿದ್ದರೂ ಹೇಳುತ್ತೇನೆ: ಹಣ ಕಡಿಮೆ ಬಂದದ್ದಕ್ಕೆಲ್ಲ ಕಾರಣವನ್ನೇ ದೂರಬೇಡಿ, ಕೂಪನ್ ಕೂಡ ಇದೇ ಕೆಲಸ ಮಾಡುತ್ತದೆ. 1,000 ಮತ್ತು 500ರ ಎರಡು ವಸ್ತುಗಳ ಮೇಲೆ 300 ರಿಯಾಯಿತಿ ಸಿಕ್ಕಿದ್ದರೆ ಅದು ಸಾಮಾನ್ಯವಾಗಿ ಬೆಲೆಯ ಪ್ರಮಾಣದಲ್ಲಿ 200, 100 ಎಂದು ಹಂಚಿಹೋಗಿರುತ್ತದೆ. ಆಗ ದೊಡ್ಡದನ್ನು ಹಿಂದಿರುಗಿಸಿದರೆ, ತಪ್ಪು ಮಾರಾಟಗಾರನದೇ ಆಗಿದ್ದರೂ, ಅದಕ್ಕೆ ಬರುವುದು 800. ಏಕೆಂದರೆ ನೀವು ಅದಕ್ಕೆ ಕೊಟ್ಟದ್ದೇ ಅಷ್ಟು.