ಕ್ರ್ಯಾನ್‌ಬೆರಿ ರಸ: ಸೋಂಕು ಬಾರದಂತೆ ತಡೆಯುವುದೇ ಬೇರೆ, ಬಂದದ್ದನ್ನು ವಾಸಿಮಾಡುವುದೇ ಬೇರೆ

ಪದೇ ಪದೇ ಉರಿಮೂತ್ರ ಎಂದು ಬರುವ ಹೆಂಗಸರಲ್ಲಿ ಹಲವರು ಈಗ ಕೇಳುವ ಮೊದಲ ಪ್ರಶ್ನೆ, ‘ಡಾಕ್ಟ್ರೇ, ಕ್ರ್ಯಾನ್‌ಬೆರಿ ಜ್ಯೂಸ್ ಕುಡಿಯಬಹುದಾ?’ ಕುಡಿಯಬಹುದು. ಆದರೆ ಯಾವಾಗ, ಯಾತಕ್ಕೆ ಎಂಬುದು ಗೊತ್ತಿರಬೇಕು.

ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ನಮ್ಮ ಕರುಳಿನಲ್ಲೇ ಇರುವ ಇದು ಮೂತ್ರದ್ವಾರದ ಮೂಲಕ ಮೇಲೇರಿ ಮೂತ್ರಕೋಶವನ್ನು ಸೇರುತ್ತದೆ. ಅದರ ಮೈಮೇಲೆ ಕೂದಲೆಳೆಯಂಥ ಸಣ್ಣ ರಚನೆಗಳಿವೆ. ಅವುಗಳಿಂದ ಮೂತ್ರಕೋಶದ ಒಳಗೋಡೆಯನ್ನು ಹಿಡಿದುಕೊಳ್ಳದಿದ್ದರೆ ಮೂತ್ರದ ಜೊತೆ ಕೊಚ್ಚಿಹೋಗುತ್ತದೆ. ಕ್ರ್ಯಾನ್‌ಬೆರಿಯಲ್ಲಿರುವ ಪ್ರೋಆಂಥೋಸಯನಿಡಿನ್ ಎಂಬ ಅಂಶ ಈ ಹಿಡಿತವನ್ನು ಸಡಿಲಿಸುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ. ಗಮನಿಸಿ, ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅಂಟಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ, ಅಷ್ಟೇ. ಆಗಲೇ ಬೇರೂರಿ, ಗೋಡೆಯನ್ನು ಕೆರಳಿಸಿ, ಸಂಖ್ಯೆ ಹೆಚ್ಚಿಸಿಕೊಂಡಿರುವ ಸೋಂಕಿನ ಮುಂದೆ ಇದರ ಆಟ ನಡೆಯುವುದಿಲ್ಲ.

ಹಾಗಾದರೆ ತಡೆಯುವುದಾದರೂ ನಿಜವೇ? ಇಲ್ಲಿ ಸಂಶೋಧನೆಯ ದಾರಿ ಅಂಕುಡೊಂಕಾಗಿದೆ. 2012ರಲ್ಲಿ ಕಾಕ್ರೇನ್ ಸಂಸ್ಥೆ 24 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. 2023ರಲ್ಲಿ ಅದೇ ಸಂಸ್ಥೆ 50 ಅಧ್ಯಯನಗಳನ್ನು, ಸುಮಾರು 8,900 ಜನರ ಮಾಹಿತಿಯನ್ನು ಪರಿಶೀಲಿಸಿ ತನ್ನ ತೀರ್ಮಾನ ಬದಲಿಸಿತು. ಪದೇ ಪದೇ ಸೋಂಕಾಗುವ ಮಹಿಳೆಯರಲ್ಲಿ ಮತ್ತೆ ಬರುವ ಸಾಧ್ಯತೆ ಶೇ 26ರಷ್ಟು ಕಡಿಮೆ, ಮಕ್ಕಳಲ್ಲಿ ಅದಕ್ಕಿಂತಲೂ ಹೆಚ್ಚು ಲಾಭ.

ಶೇ 26 ಎಂದರೆ ಕೇಳಲು ದೊಡ್ಡದು. ಲೆಕ್ಕ ಹಾಕಿ ನೋಡೋಣ. ಇಂಥ 100 ಮಹಿಳೆಯರಲ್ಲಿ ಏನೂ ತೆಗೆದುಕೊಳ್ಳದಿದ್ದರೆ 40 ಜನರಿಗೆ ಸೋಂಕು ಮರುಕಳಿಸುತ್ತದೆ ಎಂದಿಟ್ಟುಕೊಳ್ಳಿ. ಎಲ್ಲರೂ ಕ್ರ್ಯಾನ್‌ಬೆರಿ ತೆಗೆದುಕೊಂಡರೆ ಅದು ಸುಮಾರು 30ಕ್ಕೆ ಇಳಿಯುತ್ತದೆ. ಹತ್ತು ಜನರಿಗೆ ಉರಿ, ನೋವು, ಆ್ಯಂಟಿಬಯಾಟಿಕ್ ಎಲ್ಲವೂ ತಪ್ಪಿತು. ಇದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಉಳಿದ 30 ಜನರಿಗೆ ದಿನವೂ ತಪ್ಪದೆ ಕುಡಿದರೂ ಸೋಂಕು ಬಂದೇ ಬಂತು ಎಂಬುದನ್ನೂ ಮರೆಯಬಾರದು.

ಅದೇ ಪರಿಶೀಲನೆಯಲ್ಲಿ ವೃದ್ಧಾಶ್ರಮಗಳಲ್ಲಿರುವ ಹಿರಿಯರಿಗೆ, ಗರ್ಭಿಣಿಯರಿಗೆ, ನರದ ತೊಂದರೆಯಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದವರಿಗೆ ಲಾಭ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ 240 ಮಿ.ಲೀ. ಪಾನೀಯವನ್ನು 24 ವಾರ ಕುಡಿದವರಲ್ಲಿ 39 ಬಾರಿ ಸೋಂಕಿನ ಲಕ್ಷಣ ಕಂಡರೆ, ಬಣ್ಣ-ರುಚಿಯಲ್ಲಿ ಅದನ್ನೇ ಹೋಲುವ ಪಾನೀಯ ಕುಡಿದವರಲ್ಲಿ 67 ಬಾರಿ. ಫಲಿತಾಂಶ ಚೆನ್ನಾಗಿದೆ, ಆದರೆ ಹಣ ಕೊಟ್ಟದ್ದು ಕ್ರ್ಯಾನ್‌ಬೆರಿ ಪಾನೀಯ ತಯಾರಿಸುವ ಕಂಪನಿ. ಓದುವಾಗ ಇದೂ ನೆನಪಿರಲಿ.

ನನಗೆ ಕಳವಳವಾಗುವುದು ಬೇರೆ ಕಡೆ. ಮೂವತ್ತೆಂಟರ ಒಬ್ಬ ಶಿಕ್ಷಕಿಗೆ ಸೋಮವಾರ ಉರಿಮೂತ್ರ ಶುರುವಾಯಿತು. ಗೆಳತಿಯ ಮಾತು ಕೇಳಿ ದಿನಕ್ಕೆ ಮೂರು ಲೋಟ ಜ್ಯೂಸ್ ಕುಡಿದರು. ಬುಧವಾರ ಉರಿ ಕೊಂಚ ಇಳಿದಂತಾಯಿತು. ಹೆಚ್ಚು ದ್ರವ ಕುಡಿದಾಗ ಮೂತ್ರ ತೆಳುವಾಗಿ ಹಾಗೆ ಆಗುವುದುಂಟು. ಗುರುವಾರ ರಾತ್ರಿ ನಡುಗುವಂಥ ಚಳಿಜ್ವರ, ಬಲ ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ. ಸೋಂಕು ಕಿಡ್ನಿಗೆ ಏರಿತ್ತು. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯಲ್ಲಿ ಇ. ಕೋಲಿ ಬಂತು. ಆಸ್ಪತ್ರೆಗೆ ಸೇರಿಸಿ ಇಂಜೆಕ್ಷನ್ ಕೊಡಬೇಕಾಯಿತು. ‘ಜ್ಯೂಸ್ ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ’ ಎಂದರು. ತಪ್ಪಿಸದೇ ಕುಡಿದದ್ದು ನಿಜ, ಆದರೆ ಆ ಮೂರು ದಿನ ಬೇಕಿದ್ದದ್ದು ಮೂತ್ರ ಪರೀಕ್ಷೆ ಮತ್ತು ಔಷಧಿ.

ಜ್ವರ, ಚಳಿ, ಪಕ್ಕೆ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಒಂದಿದ್ದರೂ ಅದೇ ದಿನ ವೈದ್ಯರನ್ನು ಕಾಣಿ. ಗರ್ಭಿಣಿಯರು, ಗಂಡಸರು, ಪುಟ್ಟ ಮಕ್ಕಳು ಬರೀ ಉರಿಯಿದ್ದರೂ ಕಾಯಬಾರದು. ಕಲ್ಚರ್‌ಗೆ ಮೂತ್ರ ಕೊಡುವುದು ಆ್ಯಂಟಿಬಯಾಟಿಕ್‌ನ ಮೊದಲ ಗುಳಿಗೆ ನುಂಗುವ ಮುಂಚೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ.

ತಡೆಗಟ್ಟಲೆಂದು ಕುಡಿಯುವವರು ಪೊಟ್ಟಣದ ಹಿಂಬದಿ ಓದಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಪೊಟ್ಟಣಗಳಲ್ಲಿ ಹಣ್ಣಿನ ರಸ ಸ್ವಲ್ಪ, ಸಕ್ಕರೆ ಹೆಚ್ಚು. ಸಕ್ಕರೆ ಕಾಯಿಲೆಯವರು ದಿನವೂ ಇದನ್ನು ಕುಡಿಯುವುದನ್ನು ನಾನು ಒಪ್ಪುವುದಿಲ್ಲ. ಅಂಥವರಿಗೆ ಕ್ಯಾಪ್ಸೂಲ್ ಇದೆ, ಆದರೆ ಅದರಲ್ಲಿ ಕೆಲಸ ಮಾಡುವ ಅಂಶ ಎಷ್ಟಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನಮ್ಮ ಕಡೆ ಕವಳಿಹಣ್ಣನ್ನೂ ಕ್ರ್ಯಾನ್‌ಬೆರಿ ಎಂದು ಮಾರುವುದುಂಟು. ಅದು ಬೇರೆಯೇ ಗಿಡ, ಮೇಲಿನ ಅಧ್ಯಯನಗಳು ಅದಕ್ಕೆ ಅನ್ವಯಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರುಮಾಡಬೇಡಿ.

ಜ್ಯೂಸ್ ಕೊಳ್ಳಲಾಗದವರಿಗೆ ನಾನು ಹೇಳುವುದು ನೀರು. ದಿನಕ್ಕೆ ಕಡಿಮೆ ನೀರು ಕುಡಿಯುವ, ಪದೇ ಪದೇ ಸೋಂಕಾಗುವ 140 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ವರ್ಷಕ್ಕೆ ಸರಾಸರಿ 1.7 ಬಾರಿ ಸೋಂಕಾದರೆ, ಎಂದಿನಂತೆ ಇದ್ದವರಿಗೆ 3.2 ಬಾರಿ. ಮುಟ್ಟು ನಿಂತವರಲ್ಲಿ ವೈದ್ಯರು ಬರೆದುಕೊಡುವ, ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೂಡ ಸೋಂಕನ್ನು ಕಡಿಮೆ ಮಾಡುತ್ತದೆ. ಸಂಕೋಚದಿಂದ ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ.