ನಿಷೇಧದ ಒಂದು ವರ್ಷ ಎಂದಿನಿಂದ ಆರಂಭವಾಗುತ್ತದೆ?

ಪ್ರಶ್ನೆ: ಕೆನಡಾದಲ್ಲಿ ಓದುತ್ತಿದ್ದ ಮಗ ಪರ್ಮಿಟ್ ಮುಗಿದ ಮೇಲೂ ಅಲ್ಲೇ ಉಳಿದದ್ದರಿಂದ, 2023ರ ಮಾರ್ಚಿನಲ್ಲಿ ಅವನ ಮೇಲೆ ಒಂದು ವರ್ಷದ ಎಕ್ಸ್‌ಕ್ಲೂಷನ್ ಆರ್ಡರ್, ಅಂದರೆ ದೇಶ ಬಿಟ್ಟು ಹೋಗಬೇಕು, ವರ್ಷದೊಳಗೆ ಅನುಮತಿಯಿಲ್ಲದೆ ಮರಳಬಾರದು ಎಂಬ ಆದೇಶ ಹೊರಟಿತು. ಏಪ್ರಿಲ್‌ನಲ್ಲಿ ಸ್ವಂತ ಖರ್ಚಿನಲ್ಲೇ ಊರಿಗೆ ಬಂದ. ಎರಡು ವರ್ಷ ಬಿಟ್ಟು ವೀಸಾಕ್ಕೆ ಅರ್ಜಿ ಹಾಕಿದರೆ, ಮರಳಿ ಬರಲು ಪ್ರತ್ಯೇಕ ಅನುಮತಿ ಬೇಕೆಂದು ತಿರಸ್ಕರಿಸಿದ್ದಾರೆ. ನಿಷೇಧದ ಅವಧಿ ಮುಗಿದಿಲ್ಲವೇ?

ಉತ್ತರ: ಬಹುಶಃ ಅದು ಏಪ್ರಿಲ್‌ನಲ್ಲಿ ಆರಂಭವೇ ಆಗಿರಲಿಕ್ಕಿಲ್ಲ. ಆ ಒಂದು ವರ್ಷವನ್ನು ಆದೇಶ ಹೊರಟ ದಿನದಿಂದಲೂ ಎಣಿಸುವುದಿಲ್ಲ, ವಿಮಾನ ಹತ್ತಿದ ದಿನದಿಂದಲೂ ಎಣಿಸುವುದಿಲ್ಲ. ಆದೇಶ ಜಾರಿಯಾದ ದಿನದಿಂದ ಎಣಿಸುತ್ತಾರೆ. ತಾನಾಗಿ ಹೊರಡುವವನು ವಿಮಾನ ನಿಲ್ದಾಣದಲ್ಲಿ ಗಡಿ ಸೇವಾ ಸಂಸ್ಥೆಯ ಅಧಿಕಾರಿಯ ಮುಂದೆ ಹಾಜರಾಗಿ, ನಿರ್ಗಮನ ಪ್ರಮಾಣಪತ್ರ ಪಡೆದು ದೇಶ ಬಿಟ್ಟರೆ ಮಾತ್ರ ಆದೇಶ ಜಾರಿಯಾಯಿತೆಂದು ಲೆಕ್ಕ. ಚೆಕ್-ಇನ್ ಮುಗಿಸಿ ನೇರವಾಗಿ ಗೇಟಿಗೆ ಹೋದವನನ್ನು ಯಾರೂ ತಡೆದು ಕೇಳದೇ ಇರಬಹುದು. ಆಗ ಅವನು ಹೊರಟ ಸಂಗತಿಯೇ ದಾಖಲೆಗೆ ಸೇರದೆ ಉಳಿಯುತ್ತದೆ. ಆದ್ದರಿಂದ ಮೊದಲು ಮಗನ ಬಳಿ ಆ ಪ್ರಮಾಣಪತ್ರ ಇದೆಯೇ ಎಂದು ನೋಡಿ. ಇದ್ದರೆ, ವರ್ಷ ಕಳೆದಿರುವುದರಿಂದ ಅನುಮತಿಯ ಅಗತ್ಯವೇ ಇಲ್ಲ. ಅದರ ಪ್ರತಿಯನ್ನು ಲಗತ್ತಿಸಿ ಮತ್ತೆ ವೀಸಾಕ್ಕೆ ಅರ್ಜಿ ಹಾಕಬಹುದು.

ಇಲ್ಲದಿದ್ದರೆ, ವೀಸಾ ಅರ್ಜಿಯ ಜೊತೆಗೆ ಎಆರ್‌ಸಿ, ಅಂದರೆ ಕೆನಡಾಕ್ಕೆ ಮರಳುವ ಅನುಮತಿಯನ್ನೂ ಕೋರಬೇಕು. ಇದಕ್ಕೆ ಪ್ರತ್ಯೇಕ ಶುಲ್ಕವಿದೆ, ಮತ್ತು ಇಡೀ ಕೋರಿಕೆ ನಿಂತಿರುವುದು ವಿವರಣೆಯ ಪತ್ರದ ಮೇಲೆ. ಆದೇಶ ಏಕೆ ಹೊರಟಿತು, ಅದೇ ತಪ್ಪು ಮರುಕಳಿಸುವ ಸಂಭವವೆಷ್ಟು, ಅಧಿಕಾರಿಗಳೊಡನೆ ಹೇಗೆ ನಡೆದುಕೊಂಡ, ಈಗ ಮರಳುವ ಕಾರಣವೇನು ಎಂಬುದನ್ನು ಅಧಿಕಾರಿ ತೂಗುತ್ತಾರೆ. ಬೋರ್ಡಿಂಗ್ ಪಾಸ್ ಮತ್ತು ಪಾಸ್‌ಪೋರ್ಟಿನಲ್ಲಿರುವ ಭಾರತದ ಆಗಮನ ಮುದ್ರೆ ಅವನು 2023ರ ಏಪ್ರಿಲ್‌ನಲ್ಲೇ ಹೊರಟನೆಂಬುದಕ್ಕೆ ಪುರಾವೆಯಾಗುತ್ತವೆ. ಆದರೆ ಪ್ರಮಾಣಪತ್ರದ ಸ್ಥಾನವನ್ನು ಅವು ತುಂಬುವುದಿಲ್ಲ. ಏಜೆಂಟರು ಬರೆದುಕೊಡುವ ಸಿದ್ಧ ಕ್ಷಮಾಪಣೆಗಿಂತ, ಪರ್ಮಿಟ್ ಯಾವ ದಿನ ಮುಗಿಯಿತು, ಆಮೇಲೆ ಅವನು ಏನು ಮಾಡುತ್ತಿದ್ದ ಎಂದು ದಿನಾಂಕ ಸಹಿತ ನೇರವಾಗಿ ಬರೆದ ಎರಡು ಪುಟವೇ ಮೇಲೆಂದು ನನ್ನ ಅಭಿಪ್ರಾಯ. ಹಳೆಯ ಆದೇಶವನ್ನು ಮುಚ್ಚಿಡುವುದಂತೂ ಕೂಡದು: ಸುಳ್ಳು ಮಾಹಿತಿ ಕೊಟ್ಟನೆಂದು ತೀರ್ಮಾನವಾದರೆ ಐದು ವರ್ಷದ ಹೊಸ ನಿಷೇಧ ಬೀಳುತ್ತದೆ.

ರಿಹ್ಯಾಬಿಲಿಟೇಷನ್ ಅರ್ಜಿಯನ್ನು ಹಲವರು ಇದರೊಡನೆ ಬೆರೆಸುತ್ತಾರೆ. ಅದು ಅಪರಾಧದ ಕಾರಣದಿಂದ ಪ್ರವೇಶಕ್ಕೆ ಅನರ್ಹರಾದವರಿಗಾಗಿ ಇರುವುದು, ಅದೂ ಕೆನಡಾದ ಹೊರಗೆ ನಡೆದ ಅಪರಾಧಕ್ಕೆ ಮಾತ್ರ. ಉದಾಹರಣೆಗೆ, ಊರಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಕುಡಿದು ವಾಹನ ಓಡಿಸಿದ್ದಕ್ಕೆ ಅವನಿಗೆ ಶಿಕ್ಷೆಯಾಗಿದ್ದರೆ, ದಂಡವೂ ಸೇರಿ ಶಿಕ್ಷೆಯೆಲ್ಲ ಮುಗಿದು ಐದು ವರ್ಷ ಕಳೆದ ಮೇಲಷ್ಟೇ ಈ ಅರ್ಜಿ ಹಾಕಬಹುದು. 2018ರ ಡಿಸೆಂಬರ್ 18ರಿಂದ ಕೆನಡಾದ ಕಾನೂನು ಇದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿರುವುದರಿಂದ, ವರ್ಷಗಳು ಉರುಳಿದ ಮಾತ್ರಕ್ಕೆ ಅನರ್ಹತೆ ತಾನಾಗಿ ಅಳಿಯುವುದಿಲ್ಲ. ಅದೇ ಶಿಕ್ಷೆ ಕೆನಡಾದಲ್ಲೇ ಆಗಿದ್ದರೆ ಅಲ್ಲಿನ ಪೆರೋಲ್ ಮಂಡಳಿಯಿಂದ ಅಪರಾಧ ದಾಖಲೆಯ ಅಮಾನತು ಪಡೆಯಬೇಕಾಗುತ್ತದೆ. ಎರಡೂ ತೊಡಕುಗಳಿರುವವನಿಗೆ ಎರಡೂ ಪರಿಹಾರಗಳು ಬೇಕು. ಎಆರ್‌ಸಿ ಸಿಕ್ಕಿತೆಂದು ಅಪರಾಧದ ಅನರ್ಹತೆ ಹೋಗುವುದಿಲ್ಲ.