ಸೂಜಿ ಚುಚ್ಚಿದ ಮೇಲೆ ವರದಿ ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಮಂಡ್ಯದ ಒಂದು ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್. ಮಾರ್ಚ್ 12ರಂದು ನೈಟ್ ಡ್ಯೂಟಿ ಮುಗಿಯುವ ಹೊತ್ತಿಗೆ ಕೈಗೆ ಸೂಜಿ ಚುಚ್ಚಿತು. ಗಾಬರಿಯಲ್ಲಿ ಒಂದು ಚೀಟಿಯಲ್ಲಿ ಏನೇನೋ ಗೀಚಿಟ್ಟಿದ್ದೇನೆ. ಈಗ ಇನ್‌ಚಾರ್ಜ್ ಸಿಸ್ಟರ್ ಇನ್ಸಿಡೆಂಟ್ ರಿಪೋರ್ಟ್ ಬರೆದುಕೊಡಿ ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಚೀಟಿಯ ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಇರುವುದು ಇಷ್ಟು: “ಎಡಗೈ ತೋರುಬೆರಳು. ರಕ್ತ ಬಂತು. ಡಾಕ್ಟರಿಗೆ ಹೇಳಿದ್ದು 7.20. ಸೋಪಲ್ಲಿ ತೊಳೆದೆ. ಡಬ್ಬ ತುಂಬಿತ್ತು. 5ನೇ ಬೆಡ್ ಬ್ಲಡ್ ತೆಗೆದಿದ್ದೆ. 6.55 ಇರಬೇಕು. ಗ್ಲೌಸ್ ಇತ್ತು. ಹೆಪಟೈಟಿಸ್ ಬಿ 3 ಡೋಸ್ ಆಗಿದೆ. ಮಾತ್ರೆ 8.30.”

ಬೇಕಾದದ್ದು ಹೆಚ್ಚುಕಡಿಮೆ ಎಲ್ಲ ಇದೆ, ಕ್ರಮ ಮಾತ್ರ ಇಲ್ಲ. ಮೊದಲು ಪ್ರತಿ ಮಾತಿನ ಮುಂದೆ ಗಂಟೆ ಬರೆಯಿರಿ. ನಿಖರವಾಗಿ ಗೊತ್ತಿಲ್ಲದ ಕಡೆ “ಸುಮಾರು” ಎಂದು ಸೇರಿಸಿ, ಊಹೆಯನ್ನು ಗಡಿಯಾರ ನೋಡಿದ ಹಾಗೆ ಬರೆಯಬೇಡಿ. 6.55 ನಿಮ್ಮ ಅಂದಾಜು. ಡಾಕ್ಟರಿಗೆ ಫೋನ್ ಮಾಡಿದ 7.20 ಮೊಬೈಲ್‌ನ ಕಾಲ್ ಲಿಸ್ಟ್‌ನಲ್ಲೇ ಇರುತ್ತದೆ. ಮಾತ್ರೆ ಕೊಟ್ಟ 8.30 ಔಷಧಿ ಚಾರ್ಟ್‌ನಲ್ಲಿ ಸಿಗುತ್ತದೆ. ಈ ಎರಡನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದು ಅವುಗಳ ಹಿಂದೆ ಮುಂದೆ ತಾನಾಗಿ ಕೂರುತ್ತದೆ.

ಆದರೆ ನಿಮ್ಮ ಚೀಟಿ ಒಂದು ವಿಷಯ ಹೇಳುತ್ತಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಚುಚ್ಚಿದ್ದು ಯಾವ ಸೂಜಿ? ಓದಿದವರು 5ನೇ ಬೆಡ್‌ನ ರಕ್ತ ತೆಗೆದ ಸೂಜಿ ಎಂದುಕೊಳ್ಳುತ್ತಾರೆ. ಫೋನಿನಲ್ಲಿ ಕೇಳಿದಾಗ ನೀವು ಹೇಳಿದ್ದೇ ಬೇರೆ: ಆ ಸೂಜಿ ಬಲಗೈಯಲ್ಲೇ ಇತ್ತು, ಡಬ್ಬದ ಬಾಯಿ ಕಟ್ಟಿಕೊಂಡಿದ್ದರಿಂದ ಎಡಗೈಯಲ್ಲಿ ಒತ್ತಿ ಜಾಗ ಮಾಡಲು ಹೋದಿರಿ, ಒಳಗಿಂದ ಮೇಲಕ್ಕೆ ಚಾಚಿಕೊಂಡಿದ್ದ ಇನ್ಯಾವುದೋ ಸೂಜಿ ಚುಚ್ಚಿತು. ಹಾಗಾದರೆ ಅದು ಯಾವ ರೋಗಿಯದು ಎಂದು ಯಾರಿಗೂ ಗೊತ್ತಿಲ್ಲ. 5ನೇ ಬೆಡ್‌ನವರ ರಕ್ತ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಎಲ್ಲರೂ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ, ಆದರೆ ಆ ನಿಶ್ಚಿಂತೆಗೆ ಆಧಾರವೇ ಇಲ್ಲ. ಡಬ್ಬದಲ್ಲಿದ್ದ ಸೂಜಿಯನ್ನು ತೆಗೆದು ಪರೀಕ್ಷೆಗೆ ಕಳಿಸುವ ಪದ್ಧತಿಯೂ ಇಲ್ಲ. ಆದ್ದರಿಂದ ವರದಿಯಲ್ಲಿ “ಮೂಲ ರೋಗಿ: ತಿಳಿದಿಲ್ಲ” ಎಂದು ಸ್ಪಷ್ಟವಾಗಿ ಇರಬೇಕು. ಔಷಧಿ ಬೇಕೇ ಬೇಡವೇ ಎಂದು ಡಾಕ್ಟರ್ ತೀರ್ಮಾನಿಸುವುದು ಇದನ್ನು ನೋಡಿಯೇ.

ಘಟನೆಯ ಭಾಗವನ್ನು ಹೀಗೆ ಬರೆಯಬಹುದು:

“ಮಾರ್ಚ್ 12, ಬೆಳಿಗ್ಗೆ ಸುಮಾರು 6.55. ಮಹಿಳಾ ವಾರ್ಡ್. 5ನೇ ಬೆಡ್‌ನ ರೋಗಿಯ ರಕ್ತ ತೆಗೆದ ನಂತರ ಸೂಜಿಯನ್ನು ಶಾರ್ಪ್ಸ್ ಡಬ್ಬಕ್ಕೆ ಹಾಕಲು ಹೋದೆ. ಡಬ್ಬ ಬಾಯಿಯವರೆಗೆ ತುಂಬಿತ್ತು. ಎಡಗೈಯಿಂದ ಒತ್ತಿದಾಗ ಡಬ್ಬದಲ್ಲಿದ್ದ ಬೇರೊಂದು ಸೂಜಿ ಎಡಗೈ ತೋರುಬೆರಳಿಗೆ, ಗ್ಲೌಸ್ ತೂರಿಕೊಂಡು, ಚುಚ್ಚಿತು. ರಕ್ತ ಬಂತು. ನನ್ನ ಕೈಯಲ್ಲಿದ್ದ ಸೂಜಿ ಚುಚ್ಚಿಲ್ಲ. ಚುಚ್ಚಿದ ಸೂಜಿ ಯಾವ ರೋಗಿಗೆ ಬಳಸಿದ್ದು ಎಂಬುದು ತಿಳಿದಿಲ್ಲ.”

ಇಲ್ಲಿ “ನನ್ನ ಅಜಾಗರೂಕತೆಯಿಂದ” ಎಂಬ ಮಾತು ಇಲ್ಲ, ಗಮನಿಸಿ. ನೀವು ಕಳಿಸಿದ ಮೊದಲ ಕರಡಿನಲ್ಲಿ ಅದು ಎರಡು ಕಡೆ ಇತ್ತು, ತೆಗೆದುಬಿಡಿ. ಹಾಗೆಂದು “ಹೌಸ್‌ಕೀಪಿಂಗ್‌ನವರ ಬೇಜವಾಬ್ದಾರಿ” ಎಂದೂ ಬರೆಯಬೇಡಿ. ಕೈಯಿಂದ ಒತ್ತಿದ್ದನ್ನು ಮುಚ್ಚಿಡುವುದು ಬೇಡ, ಅದು ನಡೆದದ್ದು. ಡಬ್ಬ ತುಂಬಿದ್ದೂ ನಡೆದದ್ದು. ಮುಕ್ಕಾಲು ತುಂಬಿದಾಗಲೇ ಡಬ್ಬ ಮುಚ್ಚಿ ಬದಲಿಸಬೇಕು ಎಂಬುದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಎರಡೂ ಸಂಗತಿ ಹಾಳೆಯ ಮೇಲಿದ್ದರೆ ಸಾಕು, ತಪ್ಪು ಯಾರದು ಎಂದು ನೋಡುವುದು ವಿಚಾರಣೆ ಮಾಡುವವರ ಕೆಲಸ.

ಮುಂದಿನದು ಏನು ಮಾಡಿದಿರಿ ಎಂಬುದು. “ತೊಳೆದೆ” ಎಂದಷ್ಟೇ ಬರೆದರೆ ಸಾಲದು. ಗ್ಲೌಸ್ ತೆಗೆದು, ಹರಿಯುವ ನೀರು ಮತ್ತು ಸೋಪಿನಿಂದ ತೊಳೆದಿರಿ, ಗಾಯವನ್ನು ಹಿಂಡಲಿಲ್ಲ, ಸ್ಪಿರಿಟ್ ಅಥವಾ ಬ್ಲೀಚ್ ಹಚ್ಚಲಿಲ್ಲ ಎಂದು ನೀವು ಹೇಳಿದಿರಿ, ಹಾಗೆಯೇ ಬರೆಯಿರಿ. ಹಿಂಡಿದ್ದರೆ ಹಿಂಡಿದೆ ಎಂದೇ ಬರೆಯಬೇಕಿತ್ತು. ಆಮೇಲೆ ಗಂಟೆಯ ಸಮೇತ: 7.20ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಿದ್ದು, ಅವರು ಬಂದು ನೋಡಿದ್ದು, ಎಚ್‌ಐವಿ ತಡೆಗೆ ಔಷಧಿ ಶುರು ಮಾಡೋಣ ಎಂದು ತೀರ್ಮಾನಿಸಿದ್ದು, 8.30ಕ್ಕೆ ಮೊದಲ ಡೋಸ್. ಈ ಔಷಧಿ ಸಾಧ್ಯವಾದರೆ 2 ಗಂಟೆಯೊಳಗೆ, ತೀರಾ ತಡವೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ನಿಮ್ಮದು ಸುಮಾರು 1 ಗಂಟೆ 35 ನಿಮಿಷಕ್ಕೆ ಆಗಿದೆ. ಈ ಅಂತರ ಲೆಕ್ಕಕ್ಕೆ ಸಿಗಲಿ ಎಂದೇ ಗಂಟೆಗಳ ಬಗ್ಗೆ ಇಷ್ಟು ಹಠ ಮಾಡುತ್ತಿದ್ದೇನೆ. ಔಷಧಿ ಬೇಡ ಎಂದು ಡಾಕ್ಟರ್ ಹೇಳಿದ್ದರೂ ಯಾರು, ಎಷ್ಟು ಹೊತ್ತಿಗೆ, ಯಾವ ಕಾರಣಕ್ಕೆ ಎಂಬುದು ಇದೇ ಜಾಗದಲ್ಲಿ ಬರಬೇಕಿತ್ತು.

ಅದೇ ದಿನ ನಿಮ್ಮ ರಕ್ತ ಪರೀಕ್ಷೆಗೆ ಕೊಟ್ಟಿದ್ದನ್ನೂ ಬರೆಯಿರಿ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಸೂಜಿ ಚುಚ್ಚಿದ ದಿನ ನಿಮ್ಮ ರಕ್ತದಲ್ಲಿ ಏನೂ ಇರಲಿಲ್ಲ ಎಂಬುದಕ್ಕೆ ಇದೊಂದೇ ದಾಖಲೆ. ಸೋಂಕು ಕೆಲಸದಲ್ಲಿ ಬಂದದ್ದೇ ಎಂದು ನಾಳೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಬೇಕು. ಫಲಿತಾಂಶವನ್ನು ಮಾತ್ರ ವರದಿಯೊಳಗೆ ಹಾಕಬೇಡಿ. “ರಕ್ತ ತೆಗೆಯಲಾಗಿದೆ, ಫಲಿತಾಂಶ ಗೋಪ್ಯ ಕಡತದಲ್ಲಿ” ಎಂದರೆ ಸಾಕು, ಈ ಹಾಳೆ ನಾಲ್ಕು ಮೇಜು ದಾಟಿ ಹೋಗುತ್ತದೆ. ಮೂಲ ರೋಗಿ ಯಾರೆಂದು ಗೊತ್ತಿದ್ದ ಪ್ರಕರಣದಲ್ಲೂ ಅಷ್ಟೇ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಿಸಬೇಕು, ಫಲಿತಾಂಶವನ್ನು ಗುಟ್ಟಾಗಿ ಇಡಬೇಕು.

“3 ಡೋಸ್ ಆಗಿದೆ” ಎಂಬ ಸಾಲಿಗೆ ಇನ್ನೊಂದು ಸಾಲು ಬೇಕು: ಲಸಿಕೆಯ ನಂತರ ಆಂಟಿಬಾಡಿ ಮಟ್ಟ ನೋಡಿಸಿದ್ದೀರಾ? ಇಲ್ಲ ಎಂದಿರಿ. ಹಾಗಾದರೆ “ಮಟ್ಟ ಪರೀಕ್ಷಿಸಿಲ್ಲ, ಇಂದು ಕಳಿಸಲಾಗಿದೆ” ಎಂದು ಬರೆಯಿರಿ. ಮಟ್ಟ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ. ಕಡಿಮೆ ಬಂದರೆ ಇಮ್ಯುನೊಗ್ಲೋಬ್ಯುಲಿನ್ ಕೊಡಬೇಕೇ ಎಂದು ಡಾಕ್ಟರ್ ಬೇಗ ನಿರ್ಧರಿಸಬೇಕಾಗುತ್ತದೆ, ಅದಕ್ಕೂ ಮೊದಲ 24 ಗಂಟೆಯೇ ಒಳ್ಳೆಯ ಸಮಯ. ಲ್ಯಾಬಿನಿಂದ ವರದಿ ಯಾರು ತರಿಸುತ್ತಾರೆ ಎಂದೂ ನಮೂದಿಸಿ, ಇಲ್ಲದಿದ್ದರೆ ಅದು ಲ್ಯಾಬಿನಲ್ಲೇ ಉಳಿದುಬಿಡುತ್ತದೆ.

ಕೊನೆಯ ಭಾಗ ಫಾಲೋಅಪ್. “ಮುಂದೆ ಪರೀಕ್ಷೆ ಮಾಡಿಸುವುದು” ಎಂದು ಬರೆದರೆ ಯಾರೂ ಮಾಡಿಸುವುದಿಲ್ಲ, ತಾರೀಖು ಹಾಕಿ. 28 ದಿನದ ಔಷಧಿಯ ಕೊನೆಯ ಡೋಸ್ ಏಪ್ರಿಲ್ 8. ಮತ್ತೆ ರಕ್ತ ಪರೀಕ್ಷೆ 6 ವಾರಕ್ಕೆ, ಅಂದರೆ ಏಪ್ರಿಲ್ 23. 3 ತಿಂಗಳಿಗೆ ಜೂನ್ 12. 6 ತಿಂಗಳಿಗೆ ಸೆಪ್ಟೆಂಬರ್ 12. ಮಾತ್ರೆಯಿಂದ ವಾಂತಿ, ಸುಸ್ತು ಹೆಚ್ಚಾದರೆ ಯಾರಿಗೆ ಹೇಳಬೇಕು ಎಂಬುದೂ ಇಲ್ಲೇ ಇರಲಿ, 28 ದಿನ ಮುಗಿಸದೆ ಮಧ್ಯದಲ್ಲಿ ಬಿಡುವವರು ಹೆಚ್ಚಾಗಿ ಇದೇ ಕಾರಣಕ್ಕೆ ಬಿಡುತ್ತಾರೆ. ಡಬ್ಬದ ವಿಷಯಕ್ಕೂ ಒಂದು ಸಾಲು: ಅದನ್ನು ಯಾವಾಗ ಬದಲಿಸಿದರು, ಇನ್ನು ಮುಂದೆ ಪ್ರತಿ ಶಿಫ್ಟ್‌ಗೆ ಅದನ್ನು ನೋಡುವವರು ಯಾರು. ಸೂಜಿ ಚುಚ್ಚಿದ್ದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಲೆಕ್ಕದಲ್ಲಿ ದೊಡ್ಡ ಅಪಘಾತ ಅಲ್ಲ, ಆದರೆ ಆಸ್ಪತ್ರೆಯ ವಾರ್ಷಿಕ ವರದಿಯಲ್ಲಿ ತೆಗೆದುಕೊಂಡ ಕ್ರಮದ ಸಮೇತ ಸೇರಬೇಕು. ಆ ಸಾಲು ಅಲ್ಲಿಗೂ ಬೇಕಾಗುತ್ತದೆ.

ಬರೆಯುವಾಗ ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಆಮೇಲೆ ನೆನಪಾದದ್ದನ್ನು ನಡುವೆ ತುರುಕದೆ, ಕೊನೆಗೆ ಆ ದಿನದ ತಾರೀಖು ಹಾಕಿ ಸೇರಿಸಿ. ಚೀಟಿ ಹರಿಯಬೇಡಿ, ವರದಿಯ ಜೊತೆ ಪಿನ್ ಮಾಡಿ. ಇನ್‌ಚಾರ್ಜ್ ಸಿಸ್ಟರ್ ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಜೂನ್ ಹೊತ್ತಿಗೆ ಮೈಸೂರಿನ ಆಸ್ಪತ್ರೆಗೆ ಸೇರುವ ಯೋಚನೆ ಇದೆ ಎಂದಿರಲ್ಲ, ಸೆಪ್ಟೆಂಬರ್ ಪರೀಕ್ಷೆಯನ್ನು ಅಲ್ಲಿ ಕೇಳಿ ಮಾಡಿಸಿಕೊಳ್ಳಲು ನಿಮ್ಮ ಕೈಯಲ್ಲಿ ಆ ಪ್ರತಿ ಇರಬೇಕು.